ಮ್ಯೂಸ್ಲಿ, ಓಟ್ಸ್, ಫ್ಲೇಕ್ಸ್: ಪ್ಯಾಕೆಟ್ ತಿರುಗಿಸಿ ಕೊಳ್ಳುವುದು ಹೇಗೆ?

ನಮ್ಮ ಮಾವನವರಿಗೆ ಶುಗರ್ ಗಡಿಯಲ್ಲಿದೆ ಅಂತ ಡಾಕ್ಟರ್ ಹೇಳಿದ ದಿನವೇ ಕಾಫಿಗೆ ಸಕ್ಕರೆ ಹಾಕಿಸಿಕೊಳ್ಳುವುದು ನಿಂತಿತು. ಲೋಟಕ್ಕೆ ಎರಡು ಚಮಚ ಕುಡಿಯುತ್ತಿದ್ದವರು ಒಂದೇ ದಿನದಲ್ಲಿ ಬಿಟ್ಟರು. ಜೊತೆಗೆ ಬೆಳಗಿನ ಉಪ್ಪಿಟ್ಟು, ದೋಸೆಯೂ ಹೋಗಿ, ಅಂಗಡಿಯಿಂದ ಒಂದು ದೊಡ್ಡ ಮ್ಯೂಸ್ಲಿ ಪ್ಯಾಕೆಟ್ ಬಂತು. ಮುಂಭಾಗದಲ್ಲಿ ಸ್ಟ್ರಾಬೆರಿ ಹಾಲಿಗೆ ಬೀಳುತ್ತಿರುವ ಚಿತ್ರ. ‘ಹೈ ಫೈಬರ್’, ‘ಐದು ಧಾನ್ಯ’, ‘ನಿಜವಾದ ಹಣ್ಣು’ ಅಂತ ಬರಹ.

ಒಂದು ಭಾನುವಾರ ನಾನು ಆ ಪ್ಯಾಕೆಟ್ ತಿರುಗಿಸಿ ಓದಿದೆ. ಲೆಕ್ಕ ಹಾಕಿ ಹೇಳಿದೆ: “ಮಾವ, ನೀವು ಕಾಫಿಯಲ್ಲಿ ಬಿಟ್ಟ ಎರಡು ಚಮಚ ಸಕ್ಕರೆ ಈ ಬಟ್ಟಲಲ್ಲಿದೆ. ಸ್ವಲ್ಪ ಜಾಸ್ತಿಯೇ ಇದೆ.”

“ಹಣ್ಣು ಹಾಕಿದ್ದಾರಲ್ಲಮ್ಮ, ಅದರದ್ದು ಇರಬೇಕು” ಅಂದರು.

ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಎಷ್ಟು ಸತ್ಯ ಅಂತ ಪ್ಯಾಕೆಟ್ಟಿನ ಹಿಂಭಾಗ ನೋಡಿಯೇ ತಿಳಿಯಬಹುದು. ಅದೇ ಪ್ಯಾಕೆಟ್ ಇಟ್ಟುಕೊಂಡು ಹೇಗೆ ಓದುವುದು ಅಂತ ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಸೂಪರ್‌ಮಾರ್ಕೆಟ್ಟಿನ ಅದೇ ಸಾಲಿನಲ್ಲಿ ಇಂಥವು ಇನ್ನೂ ಹಲವು ಇರುತ್ತವೆ.

ಮೊದಲು 100 ಗ್ರಾಮ್ ಕಾಲಂ

ಹಿಂಭಾಗದ ಪೌಷ್ಟಿಕಾಂಶದ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ಕಾಲಂ ಇರುತ್ತವೆ. ಒಂದು 100 ಗ್ರಾಮಿಗೆ, ಇನ್ನೊಂದು ಒಂದು ಸರ್ವಿಂಗ್‌ಗೆ, ಮತ್ತೊಂದು ದಿನದ ಮಿತಿಯಲ್ಲಿ ಶೇಕಡಾ ಎಷ್ಟು ಅನ್ನುವುದಕ್ಕೆ. ಹೋಲಿಸಿ ನೋಡುವಾಗ 100 ಗ್ರಾಮಿನ ಕಾಲಂ ಒಂದನ್ನೇ ನೋಡಿ. ಸರ್ವಿಂಗ್ ಎಷ್ಟು ಅಂತ ತೀರ್ಮಾನಿಸುವುದು ಕಂಪನಿ. ಒಬ್ಬರು 30 ಗ್ರಾಮ್ ಅಂದರೆ ಇನ್ನೊಬ್ಬರು 45 ಅನ್ನುತ್ತಾರೆ. ಹಾಗಾಗಿ ಆ ಕಾಲಂ ಇಟ್ಟುಕೊಂಡು ಎರಡು ಪ್ಯಾಕೆಟ್ ತೂಗಿ ನೋಡಲು ಆಗುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. 30 ಗ್ರಾಮ್ ಅಂದರೆ ಎಷ್ಟು ಅಂತ ನಮಗೆ ಅಂದಾಜೇ ಇರುವುದಿಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಮಾವನವರ ಬಟ್ಟಲಿಟ್ಟು, “ದಿನಾ ಹಾಕಿಕೊಳ್ಳೋ ಹಾಗೇ ಹಾಕಿಕೊಳ್ಳಿ” ಅಂದೆ. 60 ಗ್ರಾಮ್ ಬಂತು. ಪ್ಯಾಕೆಟ್ ಹೇಳುವುದರ ಎರಡರಷ್ಟು. ಅವರೇನೂ ಹೊಟ್ಟೆಬಾಕರಲ್ಲ. ಮ್ಯೂಸ್ಲಿ ಒತ್ತಾಗಿ ಕೂರುತ್ತದೆ, 30 ಗ್ರಾಮ್ ಹಾಕಿದರೆ ಬಟ್ಟಲಿನ ತಳ ಮುಚ್ಚುತ್ತದೆ ಅಷ್ಟೇ. ಮನೆಯಲ್ಲಿ ತಕ್ಕಡಿ ಇದ್ದರೆ ಇದನ್ನು ಒಂದು ಸಲ ಮಾಡಿ ನೋಡಿ. ನಿಮ್ಮ ಬಟ್ಟಲಿನ ನಿಜವಾದ ತೂಕ ಗೊತ್ತಾದರೆ ಮುಂದಿನ ಲೆಕ್ಕವೆಲ್ಲ ಸುಲಭ.

ಸಕ್ಕರೆಯ ಎರಡು ಸಾಲು

ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ‘ಟೋಟಲ್ ಶುಗರ್ಸ್’ ಮತ್ತು ‘ಆಡೆಡ್ ಶುಗರ್ಸ್’ ಎರಡನ್ನೂ ಬೇರೆ ಬೇರೆ ಬರೆಯಬೇಕು. ಮೊದಲನೆಯದು ಒಟ್ಟು ಸಕ್ಕರೆ. ಎರಡನೆಯದು ಅದರಲ್ಲಿ ತಯಾರಿಸುವಾಗ ಸೇರಿಸಿದ್ದು ಎಷ್ಟು ಅನ್ನುವುದು. ಒಂದರಿಂದ ಒಂದನ್ನು ಕಳೆದರೆ ಉಳಿಯುವುದು ಹಣ್ಣು, ಧಾನ್ಯಗಳಲ್ಲಿ ತಾನಾಗಿಯೇ ಇರುವ ಸಕ್ಕರೆ.

ಮಾವನವರ ಪ್ಯಾಕೆಟ್ಟಿನಲ್ಲಿ 100 ಗ್ರಾಮಿಗೆ ಒಟ್ಟು ಸಕ್ಕರೆ 24 ಗ್ರಾಮ್, ಸೇರಿಸಿದ್ದು 16 ಗ್ರಾಮ್. ಅಂದರೆ ಹಣ್ಣಿನದು, ಧಾನ್ಯದ್ದು ಎಲ್ಲ ಸೇರಿ 8. ಮಾವ ಹೇಳಿದ್ದು ಮೂರರಲ್ಲಿ ಒಂದು ಪಾಲು ಸರಿ. ಉಳಿದ ಎರಡು ಪಾಲು ಕಾರ್ಖಾನೆಯಲ್ಲಿ ಹಾಕಿದ್ದು.

ಈಗ 60 ಗ್ರಾಮಿನ ಬಟ್ಟಲಿಗೆ ಬನ್ನಿ. ಸೇರಿಸಿದ ಸಕ್ಕರೆ 9.6 ಗ್ರಾಮ್. ಒಂದು ಸಣ್ಣ ಚಮಚಕ್ಕೆ ಸುಮಾರು 4 ಗ್ರಾಮ್ ಸಕ್ಕರೆ ಹಿಡಿಯುತ್ತದೆ. ಹಾಗಾದರೆ ಎರಡು ಚಮಚ ದಾಟಿ, ಎರಡೂವರೆಯ ಹತ್ತಿರ. ಆದರೆ ಪ್ಯಾಕೆಟ್ಟಿನ ಶೇಕಡಾ ಕಾಲಮ್ಮಿನಲ್ಲಿ ಕಾಣುವುದು ಬರೀ ‘10%’. ಅದು ಸುಳ್ಳಲ್ಲ. 30 ಗ್ರಾಮ್ ತಿಂದರೆ 4.8 ಗ್ರಾಮ್ ಸಕ್ಕರೆ, ದಿನದ ಮಿತಿ 50 ಗ್ರಾಮ್ ಅಂತ ಇಟ್ಟುಕೊಂಡರೆ ಅದು ಹತ್ತನೇ ಒಂದು ಪಾಲು. ಆದರೆ ಆ 50 ಗ್ರಾಮ್ ಮೇಲಿನ ಮಿತಿ, ಗುರಿಯಲ್ಲ. ಸಾಧ್ಯವಾದರೆ ಅದರ ಅರ್ಧ, ಅಂದರೆ 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಆ ಲೆಕ್ಕದಲ್ಲಿ ಮಾವನವರ ಒಂದು ಬಟ್ಟಲು ಇಡೀ ದಿನದ ಸಕ್ಕರೆಯ ಸುಮಾರು ನಲವತ್ತು ಶೇಕಡಾ ಮುಗಿಸುತ್ತದೆ.

ಹಾಗಾದರೆ ಎಷ್ಟಿದ್ದರೆ ಸರಿ? ಬ್ರಿಟನ್ನಿನಲ್ಲಿ ಪ್ಯಾಕೆಟ್ಟಿನ ಮುಂದೆಯೇ ಹಸಿರು, ಹಳದಿ, ಕೆಂಪು ಬಣ್ಣ ಹಾಕುವ ಪದ್ಧತಿ ಇದೆ. ಅಲ್ಲಿ 100 ಗ್ರಾಮಿಗೆ ಒಟ್ಟು ಸಕ್ಕರೆ 5 ಗ್ರಾಮ್ ಅಥವಾ ಕಡಿಮೆ ಇದ್ದರೆ ಹಸಿರು, 22.5 ದಾಟಿದರೆ ಕೆಂಪು. ನಮ್ಮಲ್ಲೂ ‘ಲೋ ಶುಗರ್’ ಅಂತ ಬರೆಯಬೇಕಾದರೆ 100 ಗ್ರಾಮಿಗೆ 5 ಗ್ರಾಮ್ ದಾಟಬಾರದು. ನಾನು ಇಟ್ಟುಕೊಂಡಿರುವ ಗೆರೆ ಇದು: ಸೇರಿಸಿದ ಸಕ್ಕರೆ 5ರ ಒಳಗಿದ್ದರೆ ದಿನಾ ತಿನ್ನಲು ಕೊಳ್ಳುತ್ತೇನೆ, 10 ದಾಟಿದರೆ ಕಪಾಟಿಗೆ ವಾಪಸ್ ಇಡುತ್ತೇನೆ. ನಡುವಿನದ್ದಾದರೆ ಮುಂದಿನ ಹೆಜ್ಜೆ ನೋಡಿ ತೀರ್ಮಾನ. ಮಕ್ಕಳ ಚಾಕೊಲೇಟ್ ಸೀರಿಯಲ್‌ಗಳಲ್ಲಿ 100 ಗ್ರಾಮಿಗೆ 30ರ ಆಸುಪಾಸು ಸಕ್ಕರೆ ಇರುವುದು ಮಾಮೂಲು. ಮುಂದೆ ‘ಕಬ್ಬಿಣ, ವಿಟಮಿನ್ ಸೇರಿಸಲಾಗಿದೆ’ ಅಂತ ಬರೆದಿದ್ದರೂ ಅದನ್ನು ಬಿಸ್ಕತ್ತಿನ ಸಾಲಿಗೆ ಸೇರಿಸುವುದೇ ವಾಸಿ.

ಪದಾರ್ಥಗಳ ಪಟ್ಟಿ ಓದುವ ಕಲೆ

ನನಗೆ ಅತ್ಯಂತ ಇಷ್ಟದ ಭಾಗ ಇದು. ‘ಇನ್‌ಗ್ರೀಡಿಯಂಟ್ಸ್’ ಪಟ್ಟಿಯಲ್ಲಿ ಜಾಸ್ತಿ ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ ಬರಬೇಕು. ಪ್ಯಾಕೆಟ್ಟಿನ ಮೇಲೆ ಚಿತ್ರದಲ್ಲೋ ಮಾತಿನಲ್ಲೋ ಎತ್ತಿ ತೋರಿಸಿದ ಪದಾರ್ಥ ಎಷ್ಟು ಶೇಕಡಾ ಇದೆ ಅಂತಲೂ ಬರೆಯಬೇಕು. ಈ ಎರಡು ನಿಯಮ ಸೇರಿದರೆ ಬರೆಯದೇ ಇರುವುದನ್ನೂ ಓದಬಹುದು.

ಮಾವನವರ ಪ್ಯಾಕೆಟ್ಟಿನ ಪಟ್ಟಿ ಹೀಗಿತ್ತು: ರೋಲ್ಡ್ ಓಟ್ಸ್ 32%, ಗೋಧಿ ಫ್ಲೇಕ್ಸ್, ಕಾರ್ನ್ ಫ್ಲೇಕ್ಸ್, ಸಕ್ಕರೆ, ಒಣದ್ರಾಕ್ಷಿ 9%, ಪಪ್ಪಾಯ ತುಣುಕು 6%, ಬಾದಾಮಿ 3%, ರಾಗಿ ಫ್ಲೇಕ್ಸ್ 2%, ಜೋಳದ ಫ್ಲೇಕ್ಸ್ 2%, ಎಣ್ಣೆ, ಜೇನು 1%, ಸ್ಟ್ರಾಬೆರಿ 0.5%, ಆಮೇಲೆ ಉಪ್ಪು, ಪರಿಮಳ ಇತ್ಯಾದಿ.

ಸಕ್ಕರೆಯ ಮುಂದೆ ಶೇಕಡಾ ಇಲ್ಲ. ಅದು ಒಣದ್ರಾಕ್ಷಿಗಿಂತ ಮೊದಲು ಬಂದಿದೆ. ಹಾಗಾಗಿ ಅದು 9 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ. ಮುಂಭಾಗದಲ್ಲಿ ದೊಡ್ಡದಾಗಿ ಕೂತಿರುವ ಜೇನು 1 ಶೇಕಡಾ. ಜೇನಿನ ಚಿತ್ರ ಇದೆ, ಸಿಹಿ ಕೊಡುತ್ತಿರುವುದು ಸಕ್ಕರೆ.

‘ಐದು ಧಾನ್ಯ’ದ ಕಥೆಯೂ ಹೀಗೇ. ಓಟ್ಸ್, ಗೋಧಿ, ಮೆಕ್ಕೆಜೋಳ, ರಾಗಿ, ಜೋಳ. ಎಣಿಕೆ ಸರಿಯಾಗಿದೆ. ಆದರೆ ರಾಗಿ ಎರಡು ಶೇಕಡಾ ಅಂದರೆ 60 ಗ್ರಾಮಿನ ಬಟ್ಟಲಲ್ಲಿ ಒಂದು ಗ್ರಾಮಿಗೆ ಸ್ವಲ್ಪ ಮೇಲೆ. ರಾಗಿ ಮುದ್ದೆ ತಿಂದು ಬೆಳೆದವರಿಗೆ ಇದನ್ನು ರಾಗಿ ಅಂತ ಕರೆಯಲು ನಗು ಬರುತ್ತದೆ. ‘ರಾಗಿ ಫ್ಲೇಕ್ಸ್’ ಅಂತಲೇ ಹೆಸರಿಟ್ಟುಕೊಂಡ ಪ್ಯಾಕೆಟ್ ಕೊಂಡರೂ ಪಟ್ಟಿಯ ಮೊದಲ ಹೆಸರು ರಾಗಿಯೇ ಹೌದಾ, ಅಕ್ಕಿ ಹಿಟ್ಟು ಅಥವಾ ಮೆಕ್ಕೆಜೋಳವಾ ಅಂತ ನೋಡಿ.

ಸಕ್ಕರೆ ಒಂದೇ ಹೆಸರಲ್ಲಿ ಬರಬೇಕೆಂದೇನೂ ಇಲ್ಲ. ಬೆಲ್ಲ, ಕಂದು ಸಕ್ಕರೆ, ಜೇನು, ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಡೆಕ್ಸ್ಟ್ರೋಸ್, ಮಾಲ್ಟ್ ಎಕ್ಸ್‌ಟ್ರಾಕ್ಟ್, ಖರ್ಜೂರದ ಸಿರಪ್, ಹಣ್ಣಿನ ರಸದ ಕಾನ್ಸಂಟ್ರೇಟ್, ಇವೆಲ್ಲ ಅದೇ ಕುಟುಂಬ. ನಾಲ್ಕು ಹೆಸರಾಗಿ ಹಂಚಿದರೆ ಒಂದೊಂದೂ ಪಟ್ಟಿಯಲ್ಲಿ ಕೆಳಕ್ಕೆ ಜಾರುತ್ತದೆ, ಓಟ್ಸ್ ಮೇಲೆಯೇ ಇರುತ್ತದೆ. ಹಾಗಾಗಿ ಹೆಸರುಗಳನ್ನು ಗುರುತಿಸಿದ ಮೇಲೆ ಮತ್ತೆ ಆ ‘ಆಡೆಡ್ ಶುಗರ್ಸ್’ ಸಾಲಿಗೆ ಹೋಗಿ ತಾಳೆ ನೋಡಿ. ಮಾಲ್ಟೋಡೆಕ್ಸ್ಟ್ರಿನ್ ಅನ್ನುವುದೊಂದಿದೆ. ಅದು ಪಿಷ್ಟವನ್ನು ಒಡೆದು ಮಾಡಿದ ಪುಡಿ. ಹೆಚ್ಚಿನ ಪಾಲು ಸಕ್ಕರೆಯ ಸಾಲಿನಲ್ಲಿ ಕಾಣುವುದಿಲ್ಲ, ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಸೇರಿಹೋಗುತ್ತದೆ. ರಕ್ತಕ್ಕೆ ಮಾತ್ರ ಸಕ್ಕರೆಯಷ್ಟೇ ಬೇಗ ಇಳಿಯುತ್ತದೆ.

ಹಣ್ಣು ಅಂದರೆ ಯಾವ ಹಣ್ಣು?

ಒಂದು ತಟ್ಟೆ ತೆಗೆದುಕೊಂಡು ಬಟ್ಟಲಿನ 60 ಗ್ರಾಮ್ ಮ್ಯೂಸ್ಲಿಯನ್ನು ಹರಡಿದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಹಣ್ಣನ್ನೆಲ್ಲ ಆರಿಸಿ ಒಂದು ಕಡೆ ಇಟ್ಟೆ. ಹನ್ನೊಂದು ಒಣದ್ರಾಕ್ಷಿ, ಪಾರದರ್ಶಕವಾಗಿ ಹೊಳೆಯುವ ಏಳೆಂಟು ಕೆಂಪು, ಹಳದಿ ಚೌಕಗಳು, ಸ್ಟ್ರಾಬೆರಿಯ ಎರಡು ಚೂರು. ಆ ಚೂರುಗಳನ್ನು ಬೆರಳ ಮೇಲೆ ಇಟ್ಟು ಊದಿದರೆ ಹಾರಿ ಹೋಗುವಂತಿದ್ದವು. ಮುಂಭಾಗದ ಚಿತ್ರದಲ್ಲಿ ಇಡೀ ಆರು ಸ್ಟ್ರಾಬೆರಿ ಇದ್ದವು.

ಆ ಹೊಳೆಯುವ ಚೌಕಗಳೇ ಪಪ್ಪಾಯ. ನಮಗೆಲ್ಲ ಗೊತ್ತಿರುವ ಟೂಟಿ ಫ್ರೂಟಿಯ ನೆಂಟ. ಪಪ್ಪಾಯವನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸುತ್ತಾರೆ. ಪಾಕ ಒಳಗೆ ಸೇರಿ ನೀರು ಹೊರಗೆ ಹೋಗುತ್ತದೆ. ಕೊನೆಗೆ ಉಳಿಯುವುದರಲ್ಲಿ ಸಕ್ಕರೆಯೇ ಜಾಸ್ತಿ. ಅನಾನಸ್ ತುಣುಕು, ಕ್ರ್ಯಾನ್‌ಬೆರಿ ಕೂಡ ಸಾಮಾನ್ಯವಾಗಿ ಹೀಗೇ. ಕ್ರ್ಯಾನ್‌ಬೆರಿ ತುಂಬ ಹುಳಿ, ಸಕ್ಕರೆ ಇಲ್ಲದೆ ತಿನ್ನುವುದು ಕಷ್ಟ. ಪಟ್ಟಿಯಲ್ಲಿ ‘ಪಪ್ಪಾಯ’ ಪಕ್ಕದಲ್ಲೇ ಆವರಣದೊಳಗೆ ಸಕ್ಕರೆ, ಸಿಟ್ರಿಕ್ ಆ್ಯಸಿಡ್, ಬಣ್ಣ ಅಂತ ಬರೆದಿದ್ದರೆ ಅದು ಹಣ್ಣಿನ ಮಿಠಾಯಿ ಅಂತ ಅರ್ಥ ಮಾಡಿಕೊಳ್ಳಿ.

ಒಣದ್ರಾಕ್ಷಿ ಬೇರೆ. ಅದಕ್ಕೆ ಯಾರೂ ಸಕ್ಕರೆ ಹಾಕಬೇಕಿಲ್ಲ, ತೂಕದ ಅರವತ್ತು ಶೇಕಡಾದಷ್ಟು ಅದರದ್ದೇ ಸಕ್ಕರೆ. ನಮ್ಮ ಪ್ಯಾಕೆಟ್ಟಿನ 8 ಗ್ರಾಮ್ ‘ತಾನಾಗಿಯೇ ಇರುವ’ ಸಕ್ಕರೆಯಲ್ಲಿ ಬಹುಪಾಲು ಇದರದ್ದು. ಇಡೀ ಹಣ್ಣಿನೊಳಗಿರುವ ಸಕ್ಕರೆಯನ್ನು, ಒಣಗಿಸಿದ್ದಾದರೂ ಸರಿ, ವಿಶ್ವ ಆರೋಗ್ಯ ಸಂಸ್ಥೆ ತನ್ನ ಆ ಮಿತಿಯಲ್ಲಿ ಸೇರಿಸುವುದಿಲ್ಲ. ಹಾಗಂತ ಹಿಡಿ ಹಿಡಿ ತಿನ್ನಬಹುದು ಅಂತಲ್ಲ. ನೀರು ಹೋಗಿರುವುದರಿಂದ ಗಾತ್ರ ಚಿಕ್ಕದು, ಎಷ್ಟು ತಿಂದೆವು ಅಂತ ಗೊತ್ತಾಗುವುದಿಲ್ಲ.

‘ನೋ ಆಡೆಡ್ ಶುಗರ್’ ಮ್ಯೂಸ್ಲಿ ಕೊಳ್ಳುವವರು ಎಡವುವುದು ಇಲ್ಲೇ. ಸಕ್ಕರೆ ಹಾಕಿಲ್ಲ ಅನ್ನುವುದು ನಿಜವಿರಬಹುದು. ಆದರೆ ಒಣದ್ರಾಕ್ಷಿ, ಖರ್ಜೂರ, ಅಂಜೂರ ಎಲ್ಲ ಸೇರಿ ಮೂವತ್ತು ಶೇಕಡಾ ಇದ್ದರೆ ಒಟ್ಟು ಸಕ್ಕರೆ 20 ಗ್ರಾಮಿನ ಹತ್ತಿರ ಹೋಗುತ್ತದೆ. ಶುಗರ್ ಇರುವವರು ಅಂಥ ಪ್ಯಾಕೆಟ್ಟಿನಲ್ಲಿ ‘ಟೋಟಲ್ ಶುಗರ್ಸ್’ ಸಾಲನ್ನೂ ನೋಡಲೇಬೇಕು. ಅವರಿಗೆ ಇನ್ನೊಂದು ಮಾತು: ಒಟ್ಟು ಕಾರ್ಬೋಹೈಡ್ರೇಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಏನೂ ಸೇರಿಸದ ಸಾದಾ ಓಟ್ಸ್ 60 ಗ್ರಾಮಿನಲ್ಲೂ ಸುಮಾರು 40 ಗ್ರಾಮ್ ಕಾರ್ಬೋಹೈಡ್ರೇಟ್ ಇರುತ್ತದೆ. ಎಷ್ಟು ತಿನ್ನಬೇಕು ಅನ್ನುವುದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿ.

ನಾರು: ಗೆರೆ ತುಂಬ ಕೆಳಗಿದೆ

‘ಹೈ ಫೈಬರ್’ ಅಂತ ಬರೆಯಲು ನಮ್ಮಲ್ಲಿ 100 ಗ್ರಾಮಿಗೆ 6 ಗ್ರಾಮ್ ನಾರು ಇದ್ದರೆ ಸಾಕು. ಕೇಳಲು ಚೆನ್ನಾಗಿದೆ ಅಲ್ವಾ? ಈಗ ಮನೆಯ ಡಬ್ಬಿಗಳನ್ನು ನೋಡಿ. ಸಾದಾ ರೋಲ್ಡ್ ಓಟ್ಸ್‌ನಲ್ಲಿ ಸುಮಾರು 10 ಗ್ರಾಮ್. ರಾಗಿಯಲ್ಲಿ 11. ಇಡೀ ಗೋಧಿಯ ಹಿಟ್ಟಿನಲ್ಲೂ 11ರ ಆಸುಪಾಸು. ಇವುಗಳ ಮೇಲೆ ಯಾರೂ ಏನೂ ದೊಡ್ಡದಾಗಿ ಬರೆದಿಲ್ಲ. ಹಾಗಾಗಿ ಮ್ಯೂಸ್ಲಿಯಲ್ಲಿ 8 ಗ್ರಾಮಿಗಿಂತ ಕಡಿಮೆ ನಾರಿದ್ದರೆ ನಾನು ಅದನ್ನು ಹೊಗಳುವುದಿಲ್ಲ. ಕಾರ್ನ್ ಫ್ಲೇಕ್ಸ್‌ನಲ್ಲಿ ಸಾಮಾನ್ಯವಾಗಿ 2–3 ಗ್ರಾಮ್ ಮಾತ್ರ. ಮೆಕ್ಕೆಜೋಳದ ಸಿಪ್ಪೆ, ಮೊಳಕೆಯ ಭಾಗ ತೆಗೆದು ಮಾಡುವುದೇ ಅದಕ್ಕೆ ಕಾರಣ.

ಒಂದು ಸುಲಭ ಪರೀಕ್ಷೆ ಇದೆ. ಕಾರ್ಬೋಹೈಡ್ರೇಟ್ ಅಂಕಿಯನ್ನು ನಾರಿನ ಅಂಕಿಯಿಂದ ಭಾಗಿಸಿ. ಉತ್ತರ 10 ಅಥವಾ ಕಡಿಮೆ ಬಂದರೆ ಧಾನ್ಯ ಇಡಿಯಾಗಿ ಇದೆ ಅನ್ನಬಹುದು. ಕಾರ್ನ್ ಫ್ಲೇಕ್ಸ್‌ನಲ್ಲಿ 84ಕ್ಕೆ 3, ಅಂದರೆ 28. ಸಾದಾ ಓಟ್ಸ್‌ನಲ್ಲಿ 67ಕ್ಕೆ 10, ಏಳರ ಒಳಗೆ. ಮಾವನವರ ಮ್ಯೂಸ್ಲಿಯಲ್ಲಿ 74ಕ್ಕೆ 8, ಒಂಬತ್ತು ಚಿಲ್ಲರೆ. ಪಾಸಾಯಿತು! ಹಾಗಾಗಿ ಈ ಪರೀಕ್ಷೆಯೊಂದನ್ನೇ ನಂಬಬೇಡಿ. ನಾರು ಚೆನ್ನಾಗಿದ್ದು ಸಕ್ಕರೆಯೂ ದಂಡಿಯಾಗಿ ಇರಬಹುದು. ಸಕ್ಕರೆಯ ಸಾಲು ಮೊದಲು, ನಾರು ಆಮೇಲೆ.

ನಾರಿನ ಸಾಲನ್ನು ಬರೆಯುವುದು ನಮ್ಮಲ್ಲಿ ಎಲ್ಲ ಪ್ಯಾಕೆಟ್‌ಗೂ ಕಡ್ಡಾಯವಲ್ಲ. ನಾರಿನ ಬಗ್ಗೆ ಹೇಳಿಕೊಂಡರೆ ಬರೆಯಬೇಕು. ಸಾಲೇ ಇಲ್ಲದಿದ್ದರೆ ಹೇಳಿಕೊಳ್ಳುವಷ್ಟು ಇಲ್ಲ ಅಂತಲೇ ನಾನು ಅಂದುಕೊಳ್ಳುತ್ತೇನೆ. ಇನ್ನು ಪದಾರ್ಥಗಳ ಪಟ್ಟಿಯಲ್ಲಿ ಇನುಲಿನ್, ಚಿಕೋರಿ ಬೇರಿನ ನಾರು, ಪಾಲಿಡೆಕ್ಸ್ಟ್ರೋಸ್ ಅಂತ ಇದ್ದರೆ ನಾರನ್ನು ಹೊರಗಿನಿಂದ ಸೇರಿಸಿ ಅಂಕಿ ಏರಿಸಿದ್ದಾರೆ. ವಿಷವೇನಲ್ಲ. ಆದರೆ ಇನುಲಿನ್ ಜಾಸ್ತಿಯಾದರೆ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಹೊಸ ಸೀರಿಯಲ್ ತಿಂದ ಮೇಲೆ ಗ್ಯಾಸ್ ಶುರುವಾದರೆ ಹಾಲನ್ನು ದೂರುವ ಮುಂಚೆ ಪಟ್ಟಿ ನೋಡಿ.

ಓಟ್ಸ್ ಕೊಳ್ಳುವಾಗ

ಓಟ್ಸ್ ಆರಿಸುವುದು ಇವೆಲ್ಲಕ್ಕಿಂತ ಸುಲಭ. ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಹೆಸರು ಇರಬೇಕು. ಸ್ಟೀಲ್ ಕಟ್, ರೋಲ್ಡ್, ಇನ್‌ಸ್ಟಂಟ್ ಮೂರರಲ್ಲೂ ಸಕ್ಕರೆ, ನಾರಿನ ಅಂಕಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಕಾಳು ಎಷ್ಟು ಒಡೆದಿದೆ ಅನ್ನುವುದರಲ್ಲಿ. ದಪ್ಪ ತುಂಡು ಬೇಯಲು ಅರ್ಧ ಗಂಟೆ ಬೇಕು, ಜೀರ್ಣವಾಗುವುದೂ ನಿಧಾನ. ತೆಳ್ಳಗೆ ಒತ್ತಿದ ಇನ್‌ಸ್ಟಂಟ್ ಬೇಗ ಬೇಯುತ್ತದೆ, ರಕ್ತದ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ನಮ್ಮ ಮನೆಗೆ ನಡುವಿನ ರೋಲ್ಡ್ ಓಟ್ಸ್ ಸರಿಹೋಗಿದೆ.

ಮಸಾಲಾ ಓಟ್ಸ್‌ನಲ್ಲಿ ಸಕ್ಕರೆ ಅಷ್ಟು ಇರುವುದಿಲ್ಲ, ಅಲ್ಲಿ ನೋಡಬೇಕಾದ್ದು ಸೋಡಿಯಂ. ದಿನಕ್ಕೆ 2000 ಮಿಲಿಗ್ರಾಮ್ ಮಿತಿ ಅಂತ ನೆನಪಿಟ್ಟುಕೊಂಡು ಒಂದು ಪೌಚ್‌ನಲ್ಲಿ ಎಷ್ಟಿದೆ ನೋಡಿ. ಸಾದಾ ಓಟ್ಸ್‌ಗೆ ಈರುಳ್ಳಿ, ಬೀನ್ಸ್, ಕ್ಯಾರೆಟ್ ಹಾಕಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಅದೂ ಮಸಾಲಾ ಓಟ್ಸೇ. ಉಪ್ಪು ಎಷ್ಟು ಅಂತ ನಿಮಗೇ ಗೊತ್ತಿರುತ್ತದೆ.

ಈಗ ಬಟ್ಟಲಿಗೆ ಏನು ಹಾಕುವುದು?

ಮನೆಯಲ್ಲೇ ಕಲೆಸಿದರೆ ಹೀಗೆ: ರೋಲ್ಡ್ ಓಟ್ಸ್ 40 ಗ್ರಾಮ್, ಒಣದ್ರಾಕ್ಷಿ 10 ಗ್ರಾಮ್ ಅಂದರೆ ಸುಮಾರು ಇಪ್ಪತ್ತು, ಬಾದಾಮಿ 10 ಗ್ರಾಮ್ ಅಂದರೆ ಎಂಟು ಹತ್ತು. ಮೊತ್ತ ಅದೇ 60 ಗ್ರಾಮ್. ಸೇರಿಸಿದ ಸಕ್ಕರೆ ಸೊನ್ನೆ, ಒಟ್ಟು ಸಕ್ಕರೆ 7 ಗ್ರಾಮಿನಷ್ಟು, ನಾರು ಐದೂವರೆ. ಅಂಗಡಿ ಬಟ್ಟಲಿನಲ್ಲಿ ಒಟ್ಟು ಸಕ್ಕರೆ 14.4, ನಾರು 4.8 ಇತ್ತು. ದ್ರಾಕ್ಷಿ ಅದರ ಎರಡರಷ್ಟು ಹಾಕಿಯೂ ಸಕ್ಕರೆ ಅರ್ಧಕ್ಕೆ ಇಳಿಯಿತು ನೋಡಿ. ಒಣದ್ರಾಕ್ಷಿ ಬದಲು ಅರ್ಧ ಏಲಕ್ಕಿ ಬಾಳೆಹಣ್ಣು ಅಥವಾ ಒಂದು ಹೋಳು ತಾಜಾ ಪಪ್ಪಾಯ ಹಣ್ಣು ಹೆಚ್ಚಿ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ. ಓಟ್ಸ್ ಅನ್ನು ಎಣ್ಣೆ ಹಾಕದೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಹುರಿದಿಟ್ಟರೆ ಆ ಹಸಿ ವಾಸನೆ ಹೋಗುತ್ತದೆ.

ಒಪ್ಪಿಕೊಳ್ಳುತ್ತೇನೆ, ಇದು ಅಂಗಡಿಯದ್ದರ ಹಾಗೆ ಗರಿಗರಿ ಇರುವುದಿಲ್ಲ. ಆ ಗರಿಗರಿ ಬರುವುದೇ ಸಕ್ಕರೆ, ಎಣ್ಣೆ ಸವರಿ ಬೇಯಿಸುವುದರಿಂದ. ಮೊದಲ ದಿನ ಮಾವನವರು ಎರಡು ಚಮಚ ತಿಂದು, “ಇದೇನಮ್ಮ, ಸಪ್ಪೆ” ಅಂದರು.

ಆ ಪ್ಯಾಕೆಟ್ಟಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ದುಡ್ಡು ಕೊಟ್ಟಿದ್ದನ್ನು ಬಿಸಾಡಲು ಮನಸ್ಸು ಬರಲಿಲ್ಲ. ಒಂದು ಪಾಲು ಅದಕ್ಕೆ ಮೂರು ಪಾಲು ಹುರಿದ ಸಾದಾ ಓಟ್ಸ್ ಬೆರೆಸಿ ಡಬ್ಬಿಗೆ ತುಂಬಿಸಿದೆ. 100 ಗ್ರಾಮಿಗೆ 16 ಇದ್ದ ಸೇರಿಸಿದ ಸಕ್ಕರೆ 4ಕ್ಕೆ ಬಂತು, ನನ್ನ ಗೆರೆಯ ಒಳಗೆ. ಅಲ್ಲಲ್ಲಿ ಗರಿಗರಿ ಸಿಗುತ್ತದೆ, ಅಲ್ಲೊಂದು ಇಲ್ಲೊಂದು ಕೆಂಪು ಚೌಕವೂ. ಮಾವನವರು ಈಗ ಅದನ್ನೇ ತಿನ್ನುತ್ತಿದ್ದಾರೆ. ಮೊನ್ನೆ ಅಂಗಡಿಗೆ ಹೋದಾಗ ಕನ್ನಡಕ ಹಣೆಗೇರಿಸಿ, ಒಂದು ಪ್ಯಾಕೆಟ್ ಕಣ್ಣ ಹತ್ತಿರ ಹಿಡಿದು, ಪಕ್ಕದಲ್ಲಿದ್ದ ಹುಡುಗನನ್ನು ಕೇಳುತ್ತಿದ್ದರು: “ಇದರಲ್ಲಿ ಆಡೆಡ್ ಶುಗರ್ ಅಂತ ಎಲ್ಲಿ ಬರ್ದಿದಾರೆ ಸ್ವಲ್ಪ ನೋಡಪ್ಪ, ಅಕ್ಷರ ತುಂಬಾ ಸಣ್ಣ.”